ಹನ್ನೆರಡು ಆರ್ಡರ್, ಇಪ್ಪತ್ತು ಆರ್ಡರ್

ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಅಂಗಡಿಯ ಮೊಬೈಲಿನಲ್ಲಿ 800 ಗಿರಾಕಿಗಳ ನಂಬರುಗಳಿವೆ. ಗೌರಿ ಹಬ್ಬಕ್ಕೆ ಮುಂಚೆ ಅವರಲ್ಲಿ 400 ಮಂದಿಗೆ ಹೊಸ ಸೀರೆಗಳ ಫೋಟೋ ಇರುವ ವಾಟ್ಸಾಪ್ ಸಂದೇಶ ಹೋಯಿತು. ಉಳಿದ 400 ಮಂದಿಗೆ ಹೋದದ್ದೂ ಅದೇ ಫೋಟೋ, ಆದರೆ ಕೆಳಗೆ ಒಂದು ಸಾಲು ಹೆಚ್ಚಿಗೆ: ‘150 ರೂಪಾಯಿ ರಿಯಾಯಿತಿ’. ವಾರ ಕಳೆದ ಮೇಲೆ ಎಣಿಸಿದಾಗ ಮೊದಲ ಗುಂಪಿನಿಂದ 12 ಮಂದಿ, ಎರಡನೆಯದರಿಂದ 20 ಮಂದಿ ಸೀರೆ ತರಿಸಿಕೊಂಡಿದ್ದರು.

ಪ್ರಚಾರ ನೋಡಿಕೊಳ್ಳುವ ಹುಡುಗಿ ಮಾಲೀಕರಿಗೆ ವರದಿ ಕಳಿಸುತ್ತಾಳೆ: ‘ರಿಯಾಯಿತಿ ಸಂದೇಶದಿಂದ ಮಾರಾಟ ಶೇ. 67ರಷ್ಟು ಹೆಚ್ಚಿದೆ.’ ಲೆಕ್ಕ ಸರಿಯಾಗಿಯೇ ಇದೆ. 12ಕ್ಕೆ 8 ಸೇರಿದರೆ ಮೂರರಲ್ಲಿ ಎರಡು ಪಾಲು ಏರಿದಂತೆಯೇ. ಆದರೆ ‘ಸಂದೇಶದಿಂದ’ ಎಂಬ ಆ ಒಂದು ಪದವನ್ನು ಹೊರುವಷ್ಟು ಬಲ ಈ ಅಂಕಿಗಳಿಗಿಲ್ಲ. ಯಾಕಿಲ್ಲ ಎಂಬುದನ್ನು ಒಂದು ನಾಣ್ಯ ಇಟ್ಟುಕೊಂಡು ನೋಡಬಹುದು.

ರಿಯಾಯಿತಿಯಿಂದ ಏನೇನೂ ಆಗಲಿಲ್ಲ ಎಂದು ವಾದಕ್ಕೆ ಒಪ್ಪಿಕೊಳ್ಳಿ. ಸೀರೆ ಕೊಂಡ 32 ಮಂದಿ ಯಾವ ಸಂದೇಶ ಬಂದಿದ್ದರೂ ಕೊಳ್ಳುವವರೇ. ಅವರಲ್ಲಿ ಯಾರು ಯಾವ ಗುಂಪಿಗೆ ಬಿದ್ದರು ಎನ್ನುವುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿದ್ದೆವು. ಹಾಗಾದರೆ ಇದು 32 ಸಲ ನಾಣ್ಯ ಚಿಮ್ಮಿದಂತೆಯೇ ಆಯಿತು. ಸರಿಯಾಗಿ 16-16 ಬೀಳುವುದು ನೂರಕ್ಕೆ ಸುಮಾರು 14 ಸಲ ಮಾತ್ರ. ಉಳಿದೆಲ್ಲ ಸಲ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. 20-12 ಅಥವಾ ಅದಕ್ಕಿಂತ ಹೆಚ್ಚು ವಾಲಿದ ಫಲ, ಯಾವ ಕಡೆಗಾದರೂ ಸರಿ, ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಬಂದೇ ಬರುತ್ತದೆ. ರಿಯಾಯಿತಿಯ ಕೈವಾಡವೇ ಇಲ್ಲದೆ, ಬರೀ ಅದೃಷ್ಟದಿಂದ.

ಈ ‘ಐದರಲ್ಲಿ ಒಂದು’ ಎಂಬುದೇ ಪಿ-ವ್ಯಾಲ್ಯೂ. ಅದು ಇಪ್ಪತ್ತರಲ್ಲಿ ಒಂದಕ್ಕಿಂತ, ಅಂದರೆ ಶೇ. 5ಕ್ಕಿಂತ ಕೆಳಗೆ ಇಳಿದರೆ ಫಲಿತಾಂಶ ‘ಸ್ಟ್ಯಾಟಿಸ್ಟಿಕಲಿ ಸಿಗ್ನಿಫಿಕೆಂಟ್’ ಎನ್ನುವುದು ರೂಢಿ. 1925ರಲ್ಲಿ ಬಂದ ರೊನಾಲ್ಡ್ ಫಿಶರ್ ಅವರ ಪುಸ್ತಕದಿಂದ ಈ ಶೇ. 5ರ ಗೆರೆ ಜನಪ್ರಿಯವಾಯಿತು. ಅದು ಅನುಕೂಲಕ್ಕೆ ಎಳೆದುಕೊಂಡ ಗೆರೆ; ಅದರ ಈಚೆಗೆ ಸತ್ಯ, ಆಚೆಗೆ ಸುಳ್ಳು ಎಂದೇನೂ ಇಲ್ಲ.

ಇಲ್ಲಿ ಓದುಗರು ಜಾರುವ ಎರಡು ಕಡೆಗಳಿವೆ. ಪಿ-ವ್ಯಾಲ್ಯೂ ಶೇ. 20 ಇದೆಯೆಂದರೆ ‘ರಿಯಾಯಿತಿ ಕೆಲಸ ಮಾಡಿರುವ ಸಾಧ್ಯತೆ ಶೇ. 80’ ಎಂದು ಅನೇಕರು ಓದಿಕೊಳ್ಳುತ್ತಾರೆ. ಅದು ತಪ್ಪು. ರಿಯಾಯಿತಿ ಕೆಲಸ ಮಾಡಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹೊರಟ ಲೆಕ್ಕ ಇದು; ಒಪ್ಪಿಕೊಂಡ ಮಾತು ನಿಜವಿರುವ ಸಾಧ್ಯತೆ ಎಷ್ಟು ಎಂದು ಅದೇ ಲೆಕ್ಕ ಹೇಳಲಾರದು. ಇನ್ನು ಕೆಲವರು ‘ಸಿಗ್ನಿಫಿಕೆಂಟ್ ಅಲ್ಲ’ ಎಂದ ಕೂಡಲೇ ರಿಯಾಯಿತಿ ವ್ಯರ್ಥ ಎಂದು ಕಡತ ಮುಚ್ಚಿಬಿಡುತ್ತಾರೆ. ನನ್ನ ಮಟ್ಟಿಗೆ ಸಣ್ಣ ವ್ಯಾಪಾರಗಳಿಗೆ ಹೆಚ್ಚು ನಷ್ಟ ತರುವುದು ಈ ಎರಡನೆಯ ತಪ್ಪೇ. ನಿಜವಾಗಿಯೂ ಒಂದು ಸಂದೇಶ ನೂರಕ್ಕೆ 3, ಇನ್ನೊಂದು ನೂರಕ್ಕೆ 5 ಆರ್ಡರ್ ತರುವಂಥದ್ದೇ ಎಂದುಕೊಳ್ಳಿ. ಗುಂಪಿಗೆ 400 ಮಂದಿಯ ಪರೀಕ್ಷೆ ಆ ವ್ಯತ್ಯಾಸವನ್ನು ಹಿಡಿಯುವುದು ಹತ್ತರಲ್ಲಿ ಮೂರು ಸಲ ಮಾತ್ರ. ಉಳಿದ ಏಳು ಸಲ ಒಳ್ಳೆಯ ಸಂದೇಶವೇ ‘ಸಿಗ್ನಿಫಿಕೆಂಟ್ ಅಲ್ಲ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಮೂಲೆಗೆ ಹೋಗುತ್ತದೆ. ಹತ್ತರಲ್ಲಿ ಎಂಟು ಸಲ ಹಿಡಿಯಬೇಕಾದರೆ ಗುಂಪಿಗೆ ಸುಮಾರು 1,500 ಮಂದಿ ಬೇಕು. ಅದೇ 3ಕ್ಕೂ 3.5ಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಲು ಹೊರಟರೆ ಗುಂಪಿಗೆ ಸುಮಾರು 20,000. ಬಟನ್ನಿನ ಬಣ್ಣ ಬದಲಿಸಿ ಪರೀಕ್ಷಿಸುವುದು ಕೋಟ್ಯಂತರ ಗಿರಾಕಿಗಳಿರುವ ಕಂಪನಿಗೆ ಸರಿ. 800 ನಂಬರುಗಳ ಅಂಗಡಿ ಪರೀಕ್ಷಿಸಬೇಕಾದ್ದು ದೊಡ್ಡ ಬದಲಾವಣೆಗಳನ್ನು.

ಹೌದು-ಅಲ್ಲ ಎಂಬ ಈ ತೀರ್ಪಿಗಿಂತ ಕಾನ್ಫಿಡೆನ್ಸ್ ಇಂಟರ್‌ವಲ್ ಹೆಚ್ಚು ಪ್ರಾಮಾಣಿಕ. ಅದು ‘ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು’ ಎಂಬ ಹರವನ್ನು ಕೊಡುತ್ತದೆ. ನಮ್ಮ ಅಂಗಡಿಯ ಲೆಕ್ಕದಲ್ಲಿ ರಿಯಾಯಿತಿ ಗುಂಪಿನ ಆರ್ಡರು ಇನ್ನೊಂದರ 1.67 ಪಟ್ಟು. ಇದಕ್ಕೆ ಶೇ. 95ರ ಇಂಟರ್‌ವಲ್ ಸುಮಾರು 0.83 ಪಟ್ಟಿನಿಂದ 3.4 ಪಟ್ಟಿನವರೆಗೆ. ಅಂದರೆ ರಿಯಾಯಿತಿಯಿಂದ ಆರ್ಡರು ಶೇ. 17ರಷ್ಟು ಇಳಿದಿರಲೂಬಹುದು, ಮೂರು ಪಟ್ಟಿಗಿಂತ ಹೆಚ್ಚಾಗಿರಲೂಬಹುದು. ಇರುವ ಅಂಕಿಗಳಿಗೆ ಎರಡೂ ಹೊಂದುತ್ತವೆ. 1 ಪಟ್ಟು, ಅಂದರೆ ಯಾವ ವ್ಯತ್ಯಾಸವೂ ಇಲ್ಲ ಎನ್ನುವುದು, ಆ ಹರವಿನೊಳಗೇ ಇದೆ. ಸಿಗ್ನಿಫಿಕೆಂಟ್ ಅಲ್ಲ ಎಂಬ ಸುದ್ದಿ ಇಲ್ಲೂ ಸಿಕ್ಕಿತು, ಜೊತೆಗೆ ನಮಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದೂ ಕಣ್ಣಿಗೆ ಬಿತ್ತು.

ಆ 95 ಎಂಬ ಸಂಖ್ಯೆ ಹೇಳುವುದು ವಿಧಾನದ ಬಗ್ಗೆ. 1930ರ ದಶಕದಲ್ಲಿ ಯೆರ್ಜಿ ನೇಮನ್ ಇದನ್ನು ರೂಪಿಸಿದ್ದೇ ಹಾಗೆ: ಇದೇ ವಿಧಾನದಲ್ಲಿ ನೂರು ಪರೀಕ್ಷೆಗಳಿಗೆ ನೂರು ಹರವು ಎಳೆದರೆ, ಸುಮಾರು 95ರಲ್ಲಿ ನಿಜವಾದ ಸಂಖ್ಯೆ ಒಳಗಿರುತ್ತದೆ. ನಮ್ಮ ಕೈಯಲ್ಲಿರುವುದು ಆ 95ರಲ್ಲಿ ಒಂದೋ, ತಪ್ಪಿದ 5ರಲ್ಲಿ ಒಂದೋ ಎಂದು ಹೇಳಲು ಬರುವುದಿಲ್ಲ.

ದೊಡ್ಡ ಸಾಫ್ಟ್‌ವೇರ್ ಇಲ್ಲದೆಯೂ ಇದನ್ನು ತಕ್ಕಮಟ್ಟಿಗೆ ಪರೀಕ್ಷಿಸಬಹುದು. ಎರಡು ಗುಂಪುಗಳೂ ಒಂದೇ ಅಳತೆಯವಾಗಿದ್ದು, ಕೊಂಡವರು ನೂರಕ್ಕೆ ಹತ್ತರೊಳಗಿದ್ದರೆ, ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=(20-12)/SQRT(20+12)
```

ಆರ್ಡರುಗಳ ವ್ಯತ್ಯಾಸವನ್ನು ಒಟ್ಟು ಆರ್ಡರುಗಳ ವರ್ಗಮೂಲದಿಂದ ಭಾಗಿಸಿದ್ದೇವೆ, ಅಷ್ಟೇ. ಉತ್ತರ 2 ದಾಟಿದರೆ ಸುಮಾರಾಗಿ ಶೇ. 5ರ ಗೆರೆ ದಾಟಿದಂತೆ. ಇಲ್ಲಿ ಬರುವುದು 1.41. ಒಟ್ಟು 32 ಆರ್ಡರುಗಳಿದ್ದಾಗ ಗೆರೆ ದಾಟಲು 22-10 ಆಗಬೇಕಿತ್ತು. ಗಮನಿಸಿ, ಲೆಕ್ಕದಲ್ಲಿ 800 ಎಂಬ ಸಂಖ್ಯೆ ಬರಲೇ ಇಲ್ಲ. ಸಂದೇಶ ಎಷ್ಟು ಮಂದಿಗೆ ಹೋಯಿತು ಎನ್ನುವುದರ ಮೇಲಲ್ಲ, ಎಷ್ಟು ಮಂದಿ ಕೊಂಡರು ಎನ್ನುವುದರ ಮೇಲೆ ನಮ್ಮ ತಿಳಿವು ನಿಂತಿದೆ. ಹತ್ತು ಸಾವಿರ ಮಂದಿಗೆ ಜಾಹೀರಾತು ತೋರಿಸಿ 9 ಆರ್ಡರು ಬಂದಿದ್ದರೆ ಅದೂ ಸಣ್ಣ ಸಂಖ್ಯೆಯ ಪರೀಕ್ಷೆಯೇ.

ಸಂಖ್ಯೆ ತೀರಾ ಸಣ್ಣದಾದಾಗ ಸೂತ್ರಗಳೇ ಕೈಕೊಡುತ್ತವೆ. 50 ಮಂದಿಯಲ್ಲಿ 2 ಮಂದಿ ಕೊಂಡರೆ, ಪಠ್ಯಪುಸ್ತಕದ ಸರಳ ಸೂತ್ರ ಮೈನಸ್ ಶೇ. 1.4ರಿಂದ ಶೇ. 9.4ರವರೆಗೆ ಎಂಬ ಇಂಟರ್‌ವಲ್ ಕೊಡುತ್ತದೆ. ಮೈನಸ್ ಗಿರಾಕಿಗಳು ಎಲ್ಲೂ ಇರುವುದಿಲ್ಲ. ವರದಿಯಲ್ಲಿ ಅಂಥ ಹರವು ಕಂಡರೆ ತಪ್ಪು ಸೂತ್ರ ಬಳಸಿದ್ದಾರೆ ಎಂದೇ ತಿಳಿಯಬೇಕು. ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ವಿಧಾನ ಇದೇ ಅಂಕಿಗಳಿಗೆ ಶೇ. 1.1ರಿಂದ 13.5 ಎನ್ನುತ್ತದೆ, ಅದು ನಂಬಬಹುದಾದದ್ದು. 100 ಮಂದಿಯಲ್ಲಿ ಒಬ್ಬರೂ ಕೊಳ್ಳದಿದ್ದರೆ 3ನ್ನು 100ರಿಂದ ಭಾಗಿಸಿ: ನಿಜವಾದ ಪ್ರಮಾಣ ಶೇ. 3ರವರೆಗೂ ಇರಬಹುದು. ಸೊನ್ನೆ ಬಂದಿತೆಂದು ಆ ಜಾಹೀರಾತನ್ನು ಅಂದೇ ನಿಲ್ಲಿಸಲು ಅದು ಸಾಕಾದ ಕಾರಣವಲ್ಲ.

ಇನ್ನು ಹಣದ ಮಾತು. ಸಂಖ್ಯಾಶಾಸ್ತ್ರದ ಎಲ್ಲ ಲೆಕ್ಕವೂ ಅಲ್ಲಿಗೆ ಬಂದು ಮುಟ್ಟಬೇಕು. ಒಂದು ಸೀರೆಯ ಮೇಲೆ ಅಂಗಡಿಗೆ 600 ರೂಪಾಯಿ ಉಳಿಯುತ್ತದೆ ಎನ್ನೋಣ. ರಿಯಾಯಿತಿ ಕೊಟ್ಟರೆ ಉಳಿಯುವುದು 450. ಹಾಗಿದ್ದಮೇಲೆ ರಿಯಾಯಿತಿ ಸಂದೇಶ 1.33 ಪಟ್ಟು ಆರ್ಡರು ತಂದರೆ ಮಾತ್ರ ಲಾಭ ಮೊದಲಿನಷ್ಟೇ ಇರುತ್ತದೆ. ಅದಕ್ಕಿಂತ ಹೆಚ್ಚು ತಂದರೆ ಗಳಿಕೆ, ಕಡಿಮೆಯಾದರೆ ನಷ್ಟ. ಆದ್ದರಿಂದ ಇಂಟರ್‌ವಲ್ 1ನ್ನು ದಾಟಿತೇ ಎಂಬುದಕ್ಕಿಂತ 1.33ನ್ನು ದಾಟಿತೇ ಎಂಬುದು ಮಾಲೀಕರು ಕೇಳಬೇಕಾದ ಪ್ರಶ್ನೆ. ಎರಡು ಸಂದೇಶಗಳಿಗೂ ಖರ್ಚು ಒಂದೇ ಆಗಿದ್ದಿದ್ದರೆ, ಉದಾಹರಣೆಗೆ ಫೋಟೋ ಮಾತ್ರ ಬೇರೆಯಾಗಿದ್ದಿದ್ದರೆ, ಸಿಗ್ನಿಫಿಕೆನ್ಸ್‌ಗೆ ಕಾಯದೆ 20 ಆರ್ಡರು ತಂದದ್ದನ್ನೇ ಮುಂದಿನ ಸಲಕ್ಕೆ ಆರಿಸಿಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. ಆಯ್ಕೆ ತಪ್ಪಾದರೂ ಕಳೆದುಕೊಳ್ಳುವುದು ಅಷ್ಟಕ್ಕಷ್ಟೇ. ರಿಯಾಯಿತಿಯ ಮಾತು ಬೇರೆ. ಪ್ರತಿ ಸೀರೆಗೂ ಜೇಬಿನಿಂದ 150 ರೂಪಾಯಿ ಹೋಗುತ್ತದೆ.

ಆದ್ದರಿಂದ ಇದೇ ಪರೀಕ್ಷೆಯನ್ನು ಮತ್ತೆ ನಡೆಸಿ ಅಂಕಿಗಳನ್ನು ಕೂಡಿಸಬೇಕು. ಅದನ್ನು ಮಾಡುವ ರೀತಿಯಲ್ಲಿ ಎಚ್ಚರ ಬೇಕು. ಪಟ್ಟಿಯ ಮೊದಲ 400, ಕೊನೆಯ 400 ಎಂದು ಕತ್ತರಿಸಬಾರದು. ಮೇಲಿರುವವರು ಹಳೆಯ ಗಿರಾಕಿಗಳಾಗಿರುತ್ತಾರೆ, ಅವರ ರೂಢಿಯೇ ಬೇರೆ. ನಂಬರುಗಳ ಪಕ್ಕದ ಕಾಲಂನಲ್ಲಿ `=RAND()` ಹಾಕಿ, ಅದರ ಪ್ರಕಾರ ಸಾರ್ಟ್ ಮಾಡಿ, ಆಮೇಲೆ ಅರ್ಧಕ್ಕೆ ಭಾಗಿಸಬೇಕು. ಪ್ರತಿ ಹಬ್ಬಕ್ಕೂ ಹೊಸದಾಗಿ ಕಲಸಬೇಕು. ಎರಡು ಸಂದೇಶಗಳನ್ನೂ ಒಂದೇ ಹೊತ್ತಿಗೆ ಕಳಿಸಬೇಕು. ಮದುವೆ ಮನೆಯವರೊಬ್ಬರು ಆರು ಸೀರೆ ತರಿಸಿದರೆ ಅದು ಆರು ಆರ್ಡರಲ್ಲ, ಒಬ್ಬ ಗಿರಾಕಿ. ನಾಣ್ಯ ಚಿಮ್ಮಿದ್ದು ಒಂದೇ ಸಲ.

ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಸುತ್ತು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ದಿನಾ ಅಂಕಿ ನೋಡುತ್ತಾ, ಗೆರೆ ದಾಟಿದ ದಿನವೇ ‘ಗೆದ್ದೆವು’ ಎಂದು ನಿಲ್ಲಿಸಿಬಿಡುವ ಅಭ್ಯಾಸ ಬಹಳ ಕಡೆ ಇದೆ. ಯಾವ ವ್ಯತ್ಯಾಸವೂ ಇಲ್ಲದ ಎರಡು ಸಂದೇಶಗಳನ್ನು ಸಮ ಅಂತರದಲ್ಲಿ ಹತ್ತು ಸಲ ಇಣುಕಿ ನೋಡಿದರೆ, ಒಂದಲ್ಲ ಒಂದು ಸಲ ಗೆರೆ ದಾಟಿದಂತೆ ಕಾಣುವ ಸಾಧ್ಯತೆ ಶೇ. 5ರಿಂದ ಸುಮಾರು 19ಕ್ಕೆ ಏರುತ್ತದೆ.

ಅಂಗಡಿಯವರು ಗೌರಿ ಹಬ್ಬ, ದೀಪಾವಳಿ, ಸಂಕ್ರಾಂತಿ ಎಂದು ಮೂರು ಸುತ್ತಿಗೆ ಮೊದಲೇ ನಿರ್ಧರಿಸಿದ್ದರು ಎಂದಿಟ್ಟುಕೊಳ್ಳಿ. ಮೊದಲ ಸಲ 12 ಮತ್ತು 20. ಎರಡನೆಯ ಸಲ 15 ಮತ್ತು 21. ಮೂರನೆಯ ಸಲ 13 ಮತ್ತು 22. ಕೂಡಿದರೆ 40 ಮತ್ತು 63. ವ್ಯತ್ಯಾಸ 23, ಒಟ್ಟು 103ರ ವರ್ಗಮೂಲ 10.15, ಭಾಗಿಸಿದರೆ 2.27. ಈಗ ಗೆರೆ ದಾಟಿದೆ. ಮೊದಲು ಶೇ. 67 ಎಂದು ಕಂಡ ಏರಿಕೆ ಈಗ ಶೇ. 58ರ ಆಸುಪಾಸಿಗೆ ಇಳಿದಿದೆ, ಇಂಟರ್‌ವಲ್ ಕೂಡ ಕಿರಿದಾಗಿದೆ: ಸುಮಾರು 1.07 ಪಟ್ಟಿನಿಂದ 2.3 ಪಟ್ಟಿನವರೆಗೆ. ಲಾಭದ ಲೆಕ್ಕದಲ್ಲಿ ರಿಯಾಯಿತಿ ಇಲ್ಲದ ಗುಂಪಿನಿಂದ 24,000 ರೂಪಾಯಿ, ಇದ್ದದ್ದರಿಂದ 28,350.

ಹೀಗಾಗಿ ವರದಿಯಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ಬರೆಯಬೇಕಾಗುತ್ತದೆ. ರಿಯಾಯಿತಿ ಆರ್ಡರು ಹೆಚ್ಚಿಸುತ್ತದೆ ಎನ್ನುವುದಕ್ಕೆ ಈಗ ತಕ್ಕ ಆಧಾರವಿದೆ. ಲಾಭ ಹೆಚ್ಚಿಸುತ್ತದೆ ಎನ್ನಲು ಮಾತ್ರ ಇನ್ನೂ ಆಧಾರವಿಲ್ಲ, ಯಾಕೆಂದರೆ 1.33 ಆ ಇಂಟರ್‌ವಲ್‌ನ ಒಳಗೇ ಕೂತಿದೆ.