ಐದು ಪ್ರಶ್ನೆಗೆ ಎಷ್ಟು ಉತ್ತರ?

ಕಳೆದ ಬೇಸಿಗೆ ರಜೆಗೆ ಮೊದಲು ಪುಣೆಯಲ್ಲಿರುವ ಮಗಳಿಂದ ಇಮೇಲ್ ಬಂತು:

“ಅಪ್ಪಾ, ಶನಿವಾರ ಬೆಳಿಗ್ಗೆ ನಾನೂ ಪುಟ್ಟಿಯೂ ಬರುತ್ತೇವೆ. ಧಾರವಾಡದಲ್ಲಿ ಇಳಿಯಬೇಕೋ, ಹುಬ್ಬಳ್ಳಿಯಲ್ಲೋ? ಸ್ಟೇಷನ್ನಿಗೆ ನೀವು ಬರುತ್ತೀರಾ, ಆಟೊ ಹಿಡಿಯಲಾ? ಪುಟ್ಟಿಗೆ ಶೇಂಗಾ ಅಲರ್ಜಿ ಅಂತ ಡಾಕ್ಟರು ಹೇಳಿದ್ದಾರೆ, ಮನೆಯಲ್ಲಿ ಅಡುಗೆಗೆ ಯಾವ ಎಣ್ಣೆ ಅಂತ ತಿಳಿಸಿ. ಅವ್ವನ ಮೊಣಕಾಲು ಹೇಗಿದೆ? ಇಲ್ಲಿಂದ ಏನಾದರೂ ತರಬೇಕಾ?”

ನಾನು ಕೂಡಲೇ ಬರೆದೆ: “ಬಹಳ ಸಂತೋಷ. ಹೌದು. ಅವ್ವ ಆರಾಮ ಇದ್ದಾಳೆ. ಏನೂ ತರಬೇಡ.”

ಅರ್ಧ ಗಂಟೆಗೆ ಫೋನ್ ಬಂತು. “ಅಪ್ಪಾ, ಯಾವುದಕ್ಕ ಹೌದು? ಎಣ್ಣೆ ವಿಚಾರ ಬರದೇ ಇಲ್ಲಲ್ಲ!”

ನಮ್ಮ ಮನೆಯ ಅಡುಗೆ ಗಾಣದ ಶೇಂಗಾ ಎಣ್ಣೆಯಲ್ಲೇ ಆಗುತ್ತಿತ್ತು. ಗಾಣದ ಎಣ್ಣೆಯಲ್ಲಿ ಅಲರ್ಜಿ ಮಾಡುವ ಶೇಂಗಾದ ಅಂಶ ಉಳಿದಿರುತ್ತದೆ. ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಬೇರೆ. ಮಗಳು ಫೋನ್ ಮಾಡದಿದ್ದರೆ ಶನಿವಾರದ ಮೊದಲ ರೊಟ್ಟಿಗೇ ಅದು ಪುಟ್ಟಿಯ ತಟ್ಟೆಗೆ ಬೀಳುತ್ತಿತ್ತು.

ಆ ಪ್ರಶ್ನೆ ನನ್ನ ಕಣ್ಣು ತಪ್ಪಿಸಿದ್ದು ಹೇಗೆಂದು ಪತ್ರವನ್ನು ಮತ್ತೆ ಓದಿದೆ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ನಾಲ್ಕೇ ಇದ್ದವು, ಪ್ರಶ್ನೆಗಳು ಐದು. ಎಣ್ಣೆಯ ಪ್ರಶ್ನೆ “ತಿಳಿಸಿ” ಎಂದು ಮುಗಿದು ಸುದ್ದಿಯ ಹಾಗೆ ಕೂತಿತ್ತು. ಇನ್ನು ಮೊದಲ ಎರಡು “ಇದೋ, ಅದೋ” ಎನ್ನುವ ಪ್ರಶ್ನೆಗಳು. ಅವಕ್ಕೆ “ಹೌದು” ಎಂದರೆ ಉತ್ತರವೇ ಅಲ್ಲ.

ಆ ರಜೆಯಲ್ಲಿ ಏಳನೆಯ ತರಗತಿಯ ಪುಟ್ಟಿಯೇ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದಳು. “ಅಜ್ಜಾ, ಪ್ರಶ್ನೆಯ ಕೆಳಗ ಉತ್ತರ ಬರೀರಿ, ನಮ್ಮ ಪರೀಕ್ಷೆ ಪೇಪರಿನ ಹಂಗ” ಎಂದಳು.

ಜಿಮೇಲ್‌ನಲ್ಲಿ Reply ಒತ್ತಿದಾಗ ಖಾಲಿ ಜಾಗ ಕಾಣುತ್ತದೆ, ಅದರ ಕೆಳಗೆ ಮೂರು ಚುಕ್ಕಿ. ಆ ಚುಕ್ಕಿಗಳನ್ನು ಒತ್ತಿದರೆ ಬಂದ ಪತ್ರ ಅಲ್ಲೇ ತೆರೆದುಕೊಳ್ಳುತ್ತದೆ. ಒಂದು ಪ್ರಶ್ನೆಯ ಕೊನೆಗೆ ಕರ್ಸರ್ ಇಟ್ಟು Enter ಒತ್ತಿ, ಉತ್ತರ ಬರೆದು, ಮುಂದಿನ ಪ್ರಶ್ನೆಗೆ ಹೋಗಬೇಕು. ಉತ್ತರ ಬೀಳದ ಪ್ರಶ್ನೆ ಬರಿದಾಗಿ ಕಣ್ಣಿಗೆ ಹೊಡೆಯುತ್ತದೆ. ಮಗಳ ಪತ್ರಕ್ಕೆ ನಾನು ಹೀಗೆ ಬರೆಯಬೇಕಿತ್ತು:

> ಧಾರವಾಡದಲ್ಲಿ ಇಳಿಯಬೇಕೋ, ಹುಬ್ಬಳ್ಳಿಯಲ್ಲೋ?

ಅಪ್ಪ: ಧಾರವಾಡ.

> ಸ್ಟೇಷನ್ನಿಗೆ ನೀವು ಬರುತ್ತೀರಾ, ಆಟೊ ಹಿಡಿಯಲಾ?

ಅಪ್ಪ: ನಾನೇ ಬರುತ್ತೇನೆ.

> ಅಡುಗೆಗೆ ಯಾವ ಎಣ್ಣೆ ಅಂತ ತಿಳಿಸಿ.

ಅಪ್ಪ: ಈಗ ಶೇಂಗಾ ಎಣ್ಣೆ. ಬದಲಾಯಿಸುತ್ತೇವೆ.

ಪ್ರತಿ ಉತ್ತರದ ಮುಂದೆ “ಅಪ್ಪ” ಎಂದು ಹಾಕಿದ್ದಕ್ಕೆ ಕಾರಣವಿದೆ. ಮೊದಲು ನಾನು ಉತ್ತರಗಳಿಗೆ ಬರೀ ಕೆಂಪು ಬಣ್ಣ ಕೊಟ್ಟಿದ್ದೆ. ಪತ್ರ ಇನ್ನೊಬ್ಬರ ಪರದೆ ಸೇರುವಾಗ ಕೆಲವೊಮ್ಮೆ ಬಣ್ಣ ಬಿಟ್ಟುಹೋಗುತ್ತದೆ. ಆಗ ಕೇಳಿದ್ದು ಯಾರು, ಹೇಳಿದ್ದು ಯಾರು ಗೊತ್ತಾಗುವುದಿಲ್ಲ. ಹೆಸರು ಹಾಗೆ ಅಳಿಸಿಹೋಗುವುದಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದ್ದೇನೆ. ಗೆಳೆಯನೊಬ್ಬನಿಗೆ ಹೀಗೆ ಉತ್ತರಿಸಿದಾಗ ಅವನು “ಖಾಲಿ ಪತ್ರ ಕಳಿಸಿದ್ದೀಯಲ್ಲ” ಎಂದ. ಅವನ ಮೊಬೈಲು ಹಳೆಯ ಪತ್ರದ ಭಾಗವನ್ನು ಮಡಚಿ ಚುಕ್ಕಿಗಳ ಹಿಂದೆ ಇಟ್ಟಿತ್ತು, ಅದರೊಳಗೆ ನನ್ನ ಉತ್ತರಗಳೂ ಅಡಗಿದ್ದವು. ಈಗ ಪತ್ರದ ತಲೆಗೇ “ಉತ್ತರಗಳು ಕೆಳಗೆ, ನಿಮ್ಮ ಪ್ರಶ್ನೆಗಳ ನಡುವೆ ಇವೆ” ಎಂದು ಒಂದು ಸಾಲು ಬರೆದೇ ಮುಂದುವರಿಯುತ್ತೇನೆ.

ಮೊಬೈಲಿನಲ್ಲಿ ಬೆರಳಿನಿಂದ ಸಾಲುಗಳ ನಡುವೆ ಕರ್ಸರ್ ಇಡುವುದು ನನ್ನಂಥವರಿಗೆ ಕಷ್ಟ. ಅಲ್ಲದೆ ಒಂದೇ ಪತ್ರ ಎರಡು ಮೂರು ಸಲ ಹೋಗಿ ಬಂದರೆ ಪ್ರಶ್ನೆ, ಉತ್ತರ, ಮರುಪ್ರಶ್ನೆ ಎಲ್ಲ ಸಿಕ್ಕುಗಟ್ಟುತ್ತವೆ. ಆಗ ನಂಬರು ಹಾಕುವುದೇ ವಾಸಿ. ಮೊದಲು ಕಾಗದದ ಮೇಲೆ ಪ್ರಶ್ನೆಗಳನ್ನು ಎಣಿಸುತ್ತೇನೆ. “ತಿಳಿಸಿ”, “ಹೇಳಿ”, “ನೋಡಿ” ಎಂದು ಮುಗಿಯುವ ವಾಕ್ಯಗಳನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಆಮೇಲೆ ಬರೆಯುತ್ತೇನೆ:

1. ಇಳಿಯುವುದು: ಧಾರವಾಡ.
2. ಸ್ಟೇಷನ್: ನಾನೇ ಬರುತ್ತೇನೆ.
3. ಎಣ್ಣೆ: ಈಗ ಶೇಂಗಾ, ಬದಲಾಯಿಸುತ್ತೇವೆ.
4. ಅವ್ವನ ಮೊಣಕಾಲು: ಡಾಕ್ಟರನ್ನು ಗುರುವಾರ ಕಾಣಬೇಕು, ಆ ಸಂಜೆ ತಿಳಿಸುತ್ತೇನೆ.
5. ತರುವುದು: ಏನೂ ಬೇಡ.

ನಂಬರಿನ ಪಕ್ಕದ ಒಂದೆರಡು ಪದ ಬಿಡುವಂತಿಲ್ಲ. ಮಗಳು ತನ್ನ ಪತ್ರದಲ್ಲಿ ನಂಬರು ಹಾಕಿರಲಿಲ್ಲ, ಬರೀ “3” ಎಂದರೆ ಯಾವುದೆಂದು ಅವಳು ಹುಡುಕಬೇಕಾಗುತ್ತದೆ. ನಾಲ್ಕನೆಯದನ್ನೂ ಗಮನಿಸಿ. ಉತ್ತರ ಇನ್ನೂ ಗೊತ್ತಿಲ್ಲದಿದ್ದರೂ ಆ ನಂಬರು ಬರೆದು, ಯಾವಾಗ ತಿಳಿಸುತ್ತೇನೆಂದು ಹೇಳಬೇಕು. ಸುಮ್ಮನೆ ಬಿಟ್ಟರೆ ಮರೆತಿದ್ದೇನೋ, ಓದಲೇ ಇಲ್ಲವೋ ಎಂದು ಅವರಿಗೆ ತಿಳಿಯುವುದಿಲ್ಲ. ಕಳಿಸುವ ಮುಂಚೆ ಕಾಗದದ ಲೆಕ್ಕ ಐದು, ಪತ್ರದ ಕೊನೆಯ ನಂಬರು ಐದು ಎಂದು ತಾಳೆ ನೋಡುತ್ತೇನೆ.

ಈಗ ನಮ್ಮ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ. ಚಟ್ನಿಪುಡಿಯ ಡಬ್ಬಿ ಪಕ್ಕದ ಮನೆ ಸೇರಿದೆ. ಮೊನ್ನೆ ಪುಟ್ಟಿ ದಸರಾ ರಜೆಯ ಬಗ್ಗೆ ಇಮೇಲ್ ಮಾಡಿದ್ದಳು, ಒಟ್ಟು ಒಂಬತ್ತು ಪ್ರಶ್ನೆ. ಈ ಸಲ ನಂಬರುಗಳನ್ನು ಅವಳೇ ಹಾಕಿ ಕಳಿಸಿದ್ದಳು.