ಕಿವಿಯ ಹಿಂದಿನ ಚುಕ್ಕೆ

ಮೈಸೂರಿನ ಒಂದು ಬ್ಯೂಟಿ ಪಾರ್ಲರ್. ಬೆಳಿಗ್ಗೆ ಒಂಬತ್ತು ಗಂಟೆ, ಗಿರಾಕಿಗಳು ಇನ್ನೂ ಬಂದಿಲ್ಲ. ಹಿಂಬದಿ ಕೋಣೆಯಲ್ಲಿ ಹೊಸದಾಗಿ ಕೆಲಸ ಕಲಿಯಲು ಸೇರಿದ ಆರು ಹುಡುಗಿಯರು ಕೂತಿದ್ದರು. ಅವರಿಗೆ ಕಲಿಸುವ ಮೇಡಂ ಹೇರ್ ಡೈ ಡಬ್ಬಿಯಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಬಿಡಿಸಿದರು.

"ಇದನ್ನ ಪೂರ್ತಿ ಯಾರಾದ್ರೂ ಓದಿದ್ದೀರೇನಮ್ಮ?"

ಯಾರೂ ಓದಿರಲಿಲ್ಲ. ಮೇಡಂ ಎರಡು ಸಾಲು ಓದಿ ಹೇಳಿದರು. ಈ ಡೈ ಕೆಲವರಲ್ಲಿ ಚರ್ಮದ ಉರಿಯೂತ ತರಬಹುದು, ಆದ್ದರಿಂದ ಮೊದಲು ಪರೀಕ್ಷೆ ಮಾಡಿ ನೋಡಬೇಕು. ಹುಬ್ಬಿಗೂ ರೆಪ್ಪೆಗೂ ಹಚ್ಚಬಾರದು, ಕಣ್ಣು ಹೋಗುವ ಅಪಾಯವಿದೆ. ಕೊನೆಯ ಮಾತು ಕೇಳಿ ಒಬ್ಬಳು ತಲೆಯೆತ್ತಿದಳು. "ಡೈಯಿಂದ ಕಣ್ಣು ಹೋಗುತ್ತಾ ಮೇಡಂ?"

ಹೋದದ್ದುಂಟು. ಆ ಕಾಗದದ ಮಾತುಗಳು ಹುಟ್ಟಿದ್ದೇ ಅಲ್ಲಿಂದ. 1933ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಮಹಿಳೆಯೊಬ್ಬರು ಸಮಾರಂಭಕ್ಕೆ ಹೊರಡುವ ಮುನ್ನ ಪಾರ್ಲರಿನಲ್ಲಿ ಹುಬ್ಬು, ರೆಪ್ಪೆಗೆ ಬಣ್ಣ ಹಾಕಿಸಿಕೊಂಡರು. ಆ ಬಣ್ಣದ ಹೆಸರು ಲ್ಯಾಶ್ ಲೂರ್. ಅವರ ಕಣ್ಣುಗಳು ಊದಿ, ಹುಣ್ಣಾಗಿ, ದೃಷ್ಟಿ ಶಾಶ್ವತವಾಗಿ ಹೋಯಿತು. ಅಂದಿನ ಅಮೆರಿಕದ ಕಾನೂನು 1906ರದ್ದು. ಅದರ ವ್ಯಾಪ್ತಿಯಲ್ಲಿ ಆಹಾರ, ಔಷಧ ಇದ್ದವೇ ಹೊರತು ಸೌಂದರ್ಯ ಸಾಧನಗಳಿರಲಿಲ್ಲ. ಹಾಗಾಗಿ ಸರಕಾರ ಆ ಬಣ್ಣವನ್ನು ಅಂಗಡಿಯಿಂದ ತೆಗೆಸಲೂ ಆಗದೆ ನಿಂತಿತು. ಕೊನೆಗೆ 1938ರಲ್ಲಿ ಹೊಸ ಕಾನೂನು ಬಂತು. ತಲೆಗೂದಲಿನ ಡೈಗೆ ಅದರಲ್ಲೊಂದು ರಾಜಿ ಆಯಿತು: ಮಾರಬಹುದು, ಆದರೆ ಮೊದಲು ಪರೀಕ್ಷೆ ಮಾಡಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲಿರಲೇಬೇಕು. ರೆಪ್ಪೆ, ಹುಬ್ಬಿನ ಬಣ್ಣಕ್ಕೆ ಆ ರಿಯಾಯಿತಿಯೂ ಸಿಗಲಿಲ್ಲ. ಭಾರತದ ಔಷಧ ಮತ್ತು ಪ್ರಸಾಧನ ನಿಯಮಗಳಿಗೆ ಮುಂದೆ ಸೇರಿದ್ದು ಬಹುಮಟ್ಟಿಗೆ ಅದೇ ಒಕ್ಕಣೆ. ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ನಮ್ಮ ನಿಯಮ ಸೇರಿಸಿತು. ಅಷ್ಟಿದ್ದೂ ಆ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣದಾಗಿ ಅಚ್ಚು ಹಾಕುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಪರೀಕ್ಷೆಯ ಉಪಾಯ ಮಾತ್ರ ಇದಕ್ಕಿಂತ ಹಳೆಯದು, ಅದು ಬಂದದ್ದು ವೈದ್ಯರಿಂದ. ಪಾದರಸದ ಮುಲಾಮಿನಿಂದ ಮೈಮೇಲೆ ಗಂಧೆ ಎದ್ದ ರೋಗಿಯೊಬ್ಬನಿಗೆ ಜರ್ಮನ್ ಚರ್ಮವೈದ್ಯ ಯೋಸೆಫ್ ಯಾದಸ್ಸೋನ್ ಅದೇ ಮುಲಾಮನ್ನು ಚರ್ಮದ ಪುಟ್ಟ ಜಾಗಕ್ಕೆ ಹಚ್ಚಿ ಕಾದು ನೋಡಿದ. ಅಷ್ಟೇ ಜಾಗದಲ್ಲಿ ಮತ್ತೆ ಗಂಧೆ ಎದ್ದಿತು. 1895ರಲ್ಲಿ ಗ್ರಾಜ್ ನಗರದ ಸಮ್ಮೇಳನದಲ್ಲಿ ಅವನು ಇದನ್ನು ವಿವರಿಸಿದ. ಪ್ಯಾಚ್ ಟೆಸ್ಟ್ ಎಂದು ನಾವು ಕರೆಯುವುದು ಅದನ್ನೇ.

ಮೇಡಂ ಈಗ ಬಟ್ಟಲಿಗೆ ಸ್ವಲ್ಪ ಡೈ ಹಿಂಡಿದರು. ಟ್ಯೂಬಿನಿಂದ ಬಂದಾಗ ಅದು ಕೆನೆಬಣ್ಣ. ಡೆವಲಪರ್ ಸೇರಿಸಿ ಕಲಸಿಟ್ಟರೆ ನೋಡನೋಡುತ್ತಲೇ ಕಪ್ಪಗಾಗುತ್ತದೆ. ಅವರ ಪಾಠದ ತಿರುಳು ಈ ಬಟ್ಟಲಿನಲ್ಲಿತ್ತು.

ಬಹುಪಾಲು ಕಪ್ಪು ಡೈಗಳಲ್ಲಿ ಇರುವ ವಸ್ತು ಪ್ಯಾರಾಫಿನೈಲಿನ್‌ಡಯಮೀನ್, ಡಬ್ಬಿಯ ಮೇಲೆ ಚುಟುಕಾಗಿ ಪಿಪಿಡಿ. ಗಾಳಿಗೋ ಪೆರಾಕ್ಸೈಡಿಗೋ ಸೋಕಿದರೆ ಅದು ಬಣ್ಣ ತಳೆಯುತ್ತದೆಂದು ರಸಾಯನಶಾಸ್ತ್ರಜ್ಞ ಹಾಫ್‌ಮನ್ 1863ರಲ್ಲಿ ಕಂಡಿದ್ದ. 1907ರಲ್ಲಿ ಪ್ಯಾರಿಸ್‌ನ ಯೂಜೀನ್ ಶೂಲರ್ ಇಂಥ ಕೂದಲ ಬಣ್ಣ ತಯಾರಿಸಿ ಮಾರಲು ತೊಡಗಿದ. ಪಿಪಿಡಿಯ ಅಣು ಬಹಳ ಚಿಕ್ಕದು, ಬಣ್ಣವಿಲ್ಲದ್ದು. ಕೂದಲಿನೊಳಕ್ಕೆ ಸಲೀಸಾಗಿ ನುಸುಳುತ್ತದೆ. ಒಳಗೆ ಪೆರಾಕ್ಸೈಡಿನೊಂದಿಗೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗಿ, ಹೊರಬರಲಾಗದೆ ಅಲ್ಲೇ ಉಳಿಯುತ್ತದೆ. ತೊಳೆದರೂ ಹೋಗದಿರುವುದಕ್ಕೆ ಇದೇ ಕಾರಣ. ಆದರೆ ಕೂದಲಿಗೆ ನುಸುಳುವಷ್ಟು ಚಿಕ್ಕದು ಚರ್ಮಕ್ಕೂ ನುಸುಳುತ್ತದೆ. ಅಲ್ಲಿ ದೇಹದ ಕಾವಲು ಕೋಶಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಕಥೆ ಬೇರೆಯಾಗುತ್ತದೆ. ಆ ದಿನ ಹೊರಗೆ ಏನೂ ಕಾಣುವುದಿಲ್ಲ. ಮುಂದೆ ಯಾವತ್ತೋ ಮತ್ತೆ ಹಚ್ಚಿದಾಗ, ಒಂದೆರಡು ದಿನ ತಡವಾಗಿ ಅವು ಎದ್ದು ಬರುತ್ತವೆ.

"ಅದಕ್ಕೇ ‘ಹತ್ತು ವರ್ಷದಿಂದ ಹಾಕ್ತಿದೀನಿ, ಏನೂ ಆಗಿಲ್ಲ’ ಅನ್ನೋರಿಗೂ ಟೆಸ್ಟ್ ಮಾಡ್ಬೇಕು," ಅಂದರು ಮೇಡಂ. "ಹತ್ತು ವರ್ಷ ಹಾಕಿದೋರ ಚರ್ಮ ಅದನ್ನ ಹತ್ತು ವರ್ಷ ನೋಡಿದೆ."

ಆಮೇಲೆ ಅವರು ತಮ್ಮ ಕಣ್ಣೆದುರಿನ ಪ್ರಸಂಗ ಹೇಳಿದರು. ಮಗಳ ಮದುವೆ ಭಾನುವಾರ ಇದ್ದ ತಾಯಿಯೊಬ್ಬರು ಗುರುವಾರ ಸಂಜೆ ಡೈ ಹಾಕಿಸಿಕೊಳ್ಳಲು ಬಂದರು. ಎಂಟು ವರ್ಷದಿಂದ ತಿಂಗಳಿಗೊಮ್ಮೆ ಹಾಕಿಸುವವರು. ಹಿಂದಿನ ಸಲ ಕಿವಿಯ ಹಿಂದೆ ಎರಡು ದಿನ ತುರಿಸಿತ್ತಂತೆ, ಬೆವರಿಗೆ ಇರಬೇಕು ಎಂದುಕೊಂಡಿದ್ದರಂತೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಡೈ ಹಾಕಿ ತೊಳೆದು ಕಳಿಸಿದರು. ಶುಕ್ರವಾರ ಸಂಜೆ ಹಣೆಯಂಚಿನಲ್ಲಿ, ಕಿವಿಯ ಮೇಲೆ ಕೆಂಪು, ತುರಿಕೆ. ಶನಿವಾರ ಬೆಳಿಗ್ಗೆ ಏಳುವಾಗ ಎರಡೂ ರೆಪ್ಪೆ ಊದಿ ಕಣ್ಣು ತೆರೆಯಲಾಗಲಿಲ್ಲ, ಕಿವಿಯ ಹಿಂದೆ ನೀರು ಒಸರುತ್ತಿತ್ತು. ಧಾರೆಯ ಹೊತ್ತಿಗೆ ಅವರು ಸೆರಗು ಮುಖಕ್ಕೆಳೆದುಕೊಂಡು ಕೂತಿದ್ದರು.

ತಲೆಗೆ ಹಚ್ಚಿದ್ದು ರೆಪ್ಪೆಗೆ ಬಂದದ್ದೇಕೆ? ನೆತ್ತಿಯ ಚರ್ಮ ದಪ್ಪ, ರೆಪ್ಪೆಯದು ತೀರ ತೆಳು. ತೊಳೆದ ನೀರು ಇಳಿದು ಸೋಕಿದರೂ ಸಾಕು. ಹಚ್ಚುತ್ತಿರುವಾಗಲೇ ನೆತ್ತಿ ಚುರುಗುಟ್ಟಿ, ತೊಳೆದ ಮೇಲೆ ತಣ್ಣಗಾದರೆ ಅದು ಹೆಚ್ಚಾಗಿ ಅಮೋನಿಯಾ, ಪೆರಾಕ್ಸೈಡಿನ ಉರಿ. ಮಾರನೇ ದಿನ ಶುರುವಾಗಿ ಮೂರನೇ ದಿನಕ್ಕೆ ಏರುವುದು ಅಲರ್ಜಿ. ಇದೇ ಕಾರಣಕ್ಕೆ "ಅಮೋನಿಯಾ ಇಲ್ಲ" ಎಂಬ ಬರಹ ನೋಡಿ ನಿಶ್ಚಿಂತೆಯಿಂದ ಇರುವಂತಿಲ್ಲ, ಪಿಪಿಡಿ ಅದರಲ್ಲೂ ಇರಬಹುದು. "ಕಪ್ಪು ಮೆಹಂದಿ" ಎಂದು ಮಾರುವ ಪುಡಿಯಲ್ಲೂ ಇರಬಹುದು. ನಮ್ಮ ಹಿತ್ತಲ ಗೋರಂಟಿ ಕೆಂಪು ಬಣ್ಣ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಅಚ್ಚಗಪ್ಪು ಬಂದರೆ ಒಳಗೆ ಬೇರೇನೋ ಸೇರಿದೆ ಎಂದೇ ತಿಳಿಯಬೇಕು. ಜಾತ್ರೆಯಲ್ಲಿ ಅಂಥ ಕಪ್ಪು ಮೆಹಂದಿ ಹಾಕಿಸಿಕೊಂಡು ಕೈಯಲ್ಲಿ ಬೊಕ್ಕೆ ಎದ್ದವರು ಮುಂದೆ ತಲೆಗೆ ಡೈ ಹಚ್ಚಿಸಿದರೆ ಜೋರಾದ ಪ್ರತಿಕ್ರಿಯೆ ಆಗುವುದುಂಟು.

ಹಾಗಾಗಿ ಬಟ್ಟಲು ಮುಟ್ಟುವ ಮೊದಲು ಮೇಡಂ ಎರಡು ಪ್ರಶ್ನೆ ಕೇಳಿಸುತ್ತಾರೆ: ಹಿಂದೆ ಡೈ ಹಾಕಿದಾಗ ತುರಿಕೆ, ಊತ ಆಗಿತ್ತೇ? ಕಪ್ಪು ಮೆಹಂದಿಯಿಂದ ಬೊಕ್ಕೆ ಎದ್ದಿತ್ತೇ? ಒಂದಕ್ಕಾದರೂ ಹೌದೆಂದರೆ ಪಾರ್ಲರಿನಲ್ಲಿ ಟೆಸ್ಟ್ ಕೂಡ ಬೇಡ, ನೇರ ಚರ್ಮವೈದ್ಯರ ಬಳಿ ಕಳಿಸಬೇಕು. ಅವರು ವ್ಯಾಸಲೀನಿನಲ್ಲಿ ಶೇ 1ರಷ್ಟು ಪಿಪಿಡಿ ಬೆರೆಸಿದ್ದನ್ನು ಬೆನ್ನಿಗೆ ಅಂಟಿಸಿ, ಎರಡನೇ ದಿನ ಬಿಚ್ಚಿ ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ.

ಎರಡಕ್ಕೂ ಇಲ್ಲವೆಂದರೆ ಅಂದು ಬಳಸಲಿರುವ ಡೈಯನ್ನೇ ಡಬ್ಬಿಯಲ್ಲಿ ಹೇಳಿದ ರೀತಿ ತಯಾರಿಸಿ, ಕಿವಿಯ ಹಿಂದೆ ಸೋಪಿನಿಂದ ತೊಳೆದು ಒಣಗಿಸಿದ ಜಾಗದಲ್ಲಿ ಚಿಕ್ಕ ಬೊಟ್ಟಿನಷ್ಟು ಹಚ್ಚಿ ಒಣಗಲು ಬಿಡಬೇಕು. ನಮ್ಮ ನಿಯಮದ ಒಕ್ಕಣೆಯಲ್ಲಿರುವುದು 24 ಗಂಟೆ, ಎಷ್ಟೋ ಕಂಪನಿಗಳು 48 ಎನ್ನುತ್ತವೆ. ಪ್ರತಿಕ್ರಿಯೆ ತಡವಾಗಿ ಬರುವುದರಿಂದ ಮೇಡಂ 48ನ್ನೇ ಹಿಡಿದಿದ್ದಾರೆ. ನಡುವೆ ತುರಿಸಿದರೆ ಕೂಡಲೇ ತೊಳೆದು ಫೋನ್ ಮಾಡಿ ಎಂದು ಹೇಳಿ ಕಳಿಸುತ್ತಾರೆ. ಈ ಟೆಸ್ಟ್ ಪೂರ್ತಿ ನಂಬುವಂಥದ್ದಲ್ಲ, ಚುಕ್ಕೆಯಲ್ಲಿ ಏನೂ ಕಾಣದೆಯೂ ಆಮೇಲೆ ತಲೆಯಲ್ಲಿ ಗಂಧೆ ಏಳಬಹುದು ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ.

ಕೊನೆಗೆ ಒಬ್ಬಳನ್ನು ಎಬ್ಬಿಸಿದರು. "ನಾನು ಗಿರಾಕಿ. ನಾಳೆ ಫಂಕ್ಷನ್ ಇದೆ, ಈಗಲೇ ಹಾಕು ಅಂತೀನಿ. ಏನು ಹೇಳ್ತೀಯ?"

ಹುಡುಗಿ ತಡವರಿಸಿದಳು. "ಮೇಡಂ, ರೂಲ್ಸ್ ಇದೆ..."

"ರೂಲ್ಸ್ ಅಂದ್ರೆ ಪಕ್ಕದ ಪಾರ್ಲರಿಗೆ ಹೋಗ್ತಾರಮ್ಮ. ಏನಾಗಬಹುದು ಅನ್ನೋದನ್ನ ಹೇಳು."

ಅವಳು ಮತ್ತೆ ಶುರು ಮಾಡಿದಳು. "ಮೇಡಂ, ಇವತ್ತು ಹಾಕಿದ್ರೆ ಅಲರ್ಜಿ ಇದ್ದೋರಿಗೆ ನಾಳೆ, ನಾಡಿದ್ದು ಕಣ್ಣು ಊದುತ್ತೆ. ನಿಮಗೆ ಆಗುತ್ತೋ ಇಲ್ವೋ ನನಗೆ ಗೊತ್ತಾಗಲ್ಲ. ಇವತ್ತು ಕಿವಿ ಹಿಂದೆ ಒಂದು ಚುಕ್ಕೆ ಹಚ್ತೀನಿ. ನಾಳೆಗೆ ಬಿಳಿ ಕೂದಲು ಕಾಣದ ಹಾಗೆ ತುರುಬು ಕಟ್ಟಿಕೊಡ್ತೀನಿ. ನಾಡಿದ್ದು ಸಂಜೆ ಬನ್ನಿ, ನೋಡಿ ಹಾಕ್ತೀನಿ."

ಮೇಡಂ ರಿಜಿಸ್ಟರ್ ಮುಂದಕ್ಕೆ ತಳ್ಳಿದರು. ಗಿರಾಕಿಯ ಹೆಸರು, ಡೈ ಹೆಸರು, ಬ್ಯಾಚ್ ನಂಬರ್, ಎಡಕಿವಿಯೋ ಬಲಕಿವಿಯೋ, ಹಚ್ಚಿದ ಗಂಟೆ. ಹೊರಗೆ ಶಟರ್ ಎತ್ತುವ ಸದ್ದು ಕೇಳಿಸಿತು.