ಕೊಲೆಸ್ಟರಾಲ್ ವರದಿಯಲ್ಲಿ ಅಡಗಿರುವ ಕಳೆಯುವ ಲೆಕ್ಕ

ಗಂಡ ಹೆಂಡತಿ ಇಬ್ಬರೂ ಒಂದೇ ದಿನ ರಕ್ತ ಪರೀಕ್ಷೆ ಮಾಡಿಸಿದ್ದಾರೆ ಎಂದುಕೊಳ್ಳಿ. ಇಬ್ಬರ ವಯಸ್ಸೂ ನಲವತ್ತೈದರ ಆಸುಪಾಸು. ಸಂಜೆ ವರದಿ ಬಂತು. ಇಬ್ಬರದೂ ಒಟ್ಟು ಕೊಲೆಸ್ಟರಾಲ್ 196. ಇನ್ನೂರರ ಒಳಗಿದೆ ಎಂದು ಇಬ್ಬರಿಗೂ ಸಮಾಧಾನ. ಕೆಳಗಿನ ಸಾಲಿನಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟರಾಲ್’ ಎಂದು ಎಲ್ಲರೂ ಕರೆಯುವುದು, ಗಂಡನಿಗೆ 104, ಹೆಂಡತಿಗೆ 120. “ನೋಡಿದೆಯಾ, ನನ್ನದೇ ವಾಸಿ” ಎಂದು ಗಂಡ ನಗುತ್ತಾನೆ. ಹತ್ತಿರದಲ್ಲೇ ಓದುತ್ತ ಕುಳಿತ, ಪಿಯುಸಿ ವಿಜ್ಞಾನ ಓದುವ ಮಗಳು ವರದಿ ಕೈಗೆತ್ತಿಕೊಂಡು ಪೆನ್ಸಿಲ್ಲಿನಿಂದ ಒಂದು ಕಳೆಯುವ ಲೆಕ್ಕ ಮಾಡಿದರೆ ಆ ನಗು ಉಳಿಯುವುದಿಲ್ಲ. ಅದು ಯಾವ ಲೆಕ್ಕ?

ಮೊದಲು ವರದಿಯ ಉಳಿದ ಅಂಕಿಗಳನ್ನು ನೋಡೋಣ. ಗಂಡನ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 290. ಹೆಂಡತಿಯ ಎಚ್‌ಡಿಎಲ್ 60, ಟ್ರೈಗ್ಲಿಸರೈಡ್ 80. ಇವೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ, ಅಂದರೆ 100 ಮಿಲಿಲೀಟರ್‌ನಲ್ಲಿ, ಎಷ್ಟು ಮಿಲಿಗ್ರಾಂ ಇದೆ ಎಂಬ ಅಳತೆ. (ಇಂಗ್ಲೆಂಡ್ ಅಥವಾ ಆಸ್ಟ್ರೇಲಿಯಾದಲ್ಲಿರುವ ಮಗ ತನ್ನ ಕೊಲೆಸ್ಟರಾಲ್ ‘ಐದು’ ಎಂದು ಫೋನಿನಲ್ಲಿ ಹೇಳಿದರೆ ಗಾಬರಿ ಬೇಡ; ಅಲ್ಲಿ ಮಿಲಿಮೋಲ್ ಲೆಕ್ಕ. ಸುಮಾರು 38.7ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ.)

ಕೊಬ್ಬು ನೀರಿನಲ್ಲಿ ಕರಗದು. ರಕ್ತವೋ ಬಹುಪಾಲು ನೀರು. ಆದ್ದರಿಂದ ದೇಹ ಕೊಬ್ಬನ್ನು ಪ್ರೋಟೀನಿನ ಹೊದಿಕೆಯ ಸಣ್ಣ ಕಣಗಳಲ್ಲಿ ತುಂಬಿ ಸಾಗಿಸುತ್ತದೆ. ಯಕೃತ್ತಿನಿಂದ ಹೊರಡುವ ದೊಡ್ಡ ಕಣಕ್ಕೆ ವಿಎಲ್‌ಡಿಎಲ್ ಎಂದು ಹೆಸರು. ಅದರ ಮುಖ್ಯ ಸರಕು ಟ್ರೈಗ್ಲಿಸರೈಡ್, ಅಂದರೆ ನಾವು ಎಣ್ಣೆ ತುಪ್ಪಗಳಲ್ಲಿ ಕಾಣುವ ಮಾಮೂಲಿ ಕೊಬ್ಬು. ಜೊತೆಗೆ ಸ್ವಲ್ಪ ಕೊಲೆಸ್ಟರಾಲ್. ದಾರಿಯಲ್ಲಿ ಸ್ನಾಯುಗಳಿಗೂ ಕೊಬ್ಬಿನ ಅಂಗಾಂಶಕ್ಕೂ ಟ್ರೈಗ್ಲಿಸರೈಡ್ ಇಳಿಸುತ್ತ ಹೋದಂತೆ ಕಣ ಕುಗ್ಗುತ್ತದೆ. ಕೊನೆಗೆ ಉಳಿಯುವ, ಬಹುಪಾಲು ಕೊಲೆಸ್ಟರಾಲನ್ನೇ ಹೊತ್ತ ಕಣವೇ ಎಲ್‌ಡಿಎಲ್. ಎಚ್‌ಡಿಎಲ್ ಬೇರೆ ಜಾತಿಯದು. ಅದು ಅಂಗಾಂಶಗಳಲ್ಲಿ ಹೆಚ್ಚಾದ ಕೊಲೆಸ್ಟರಾಲನ್ನು ಯಕೃತ್ತಿನ ಕಡೆಗೆ ತರುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ.

ಇಲ್ಲಿ ನೆನಪಿಡಬೇಕಾದ ಒಂದು ಮಾತಿದೆ. ಧಮನಿಯ ಗೋಡೆಯೊಳಗೆ ನುಸುಳಿ ಸಿಕ್ಕಿಹಾಕಿಕೊಳ್ಳುವುದು ಎಲ್‌ಡಿಎಲ್ ಕಣ ಮಾತ್ರವಲ್ಲ. ಅರ್ಧ ಸರಕು ಇಳಿಸಿ ಕುಗ್ಗಿದ ವಿಎಲ್‌ಡಿಎಲ್ ಶೇಷಕಣಗಳೂ ಅದೇ ಕೆಲಸ ಮಾಡುತ್ತವೆ. ಈ ಜಾತಿಯ ಪ್ರತಿ ಕಣದ ಮೇಲೂ ಅಪೊಬಿ ಎಂಬ ಪ್ರೋಟೀನಿನ ಒಂದೇ ಒಂದು ಅಣು ಸುತ್ತಿಕೊಂಡಿರುತ್ತದೆ. ಎಚ್‌ಡಿಎಲ್ ಮೇಲೆ ಅದು ಇಲ್ಲ.

ಅಳೆದದ್ದಲ್ಲ, ಲೆಕ್ಕ ಹಾಕಿದ್ದು

ವರದಿಯಲ್ಲಿ ಅಚ್ಚಾದ ಎಲ್‌ಡಿಎಲ್ ಅಂಕಿಯನ್ನು ಯಂತ್ರ ನೇರವಾಗಿ ಅಳೆದಿದೆ ಎಂದೇ ಹೆಚ್ಚಿನವರ ನಂಬಿಕೆ. ಅನೇಕ ಪ್ರಯೋಗಾಲಯಗಳಲ್ಲಿ ಹಾಗಲ್ಲ. ಅಳೆಯುವುದು ಮೂರನ್ನೇ: ಒಟ್ಟು ಕೊಲೆಸ್ಟರಾಲ್, ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್. ಎಲ್‌ಡಿಎಲ್ ಲೆಕ್ಕದಿಂದ ಬಂದದ್ದು. ಅದನ್ನು ಖಚಿತವಾಗಿ ಬೇರ್ಪಡಿಸಿ ಅಳೆಯಲು ಹಿಂದೆ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ, ಅತಿ ವೇಗವಾಗಿ ತಿರುಗಿಸುವ ದುಬಾರಿ ಯಂತ್ರವೇ ಬೇಕಿತ್ತು. 1972ರಲ್ಲಿ ಅಮೆರಿಕದ ವಿಲಿಯಂ ಫ್ರೀಡ್‌ವಾಲ್ಡ್, ರಾಬರ್ಟ್ ಲೆವಿ ಮತ್ತು ಡೊನಾಲ್ಡ್ ಫ್ರೆಡ್ರಿಕ್‌ಸನ್ ಒಂದು ಸುಲಭದ ದಾರಿ ತೋರಿಸಿದರು. ಖಾಲಿ ಹೊಟ್ಟೆಯ ರಕ್ತದಲ್ಲಿ ವಿಎಲ್‌ಡಿಎಲ್ ಕಣಗಳು ಸುಮಾರು ಐದು ಪಾಲು ಟ್ರೈಗ್ಲಿಸರೈಡಿಗೆ ಒಂದು ಪಾಲು ಕೊಲೆಸ್ಟರಾಲ್ ಹೊತ್ತಿರುತ್ತವೆ. ಹಾಗಾದರೆ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್‌ನ ಕೊಲೆಸ್ಟರಾಲ್ ಸಿಕ್ಕಿತು. ಒಟ್ಟಿನಿಂದ ಅದನ್ನೂ ಎಚ್‌ಡಿಎಲ್ಲನ್ನೂ ಕಳೆದರೆ ಉಳಿಯುವುದು ಎಲ್‌ಡಿಎಲ್.

ಗಂಡನ ವರದಿಗೆ ಇದನ್ನು ಹಚ್ಚಿ ನೋಡಿ. 290ನ್ನು ಐದರಿಂದ ಭಾಗಿಸಿದರೆ 58. 196ರಿಂದ 34 ಮತ್ತು 58 ಕಳೆದರೆ 104. ಅಚ್ಚಾದ ಅಂಕಿಯೂ ಅದೇ. ಹೆಂಡತಿಗೆ 80ರ ಐದನೇ ಒಂದು ಭಾಗ 16. 196ರಿಂದ 60 ಮತ್ತು 16 ಹೋದರೆ 120. ಮನೆಯಲ್ಲಿರುವ ಯಾವುದೇ ವರದಿಯನ್ನು ಹೀಗೆ ಪರೀಕ್ಷಿಸಬಹುದು. ಉತ್ತರ ಸರಿಯಾಗಿ ಕೂಡಿಬಂದರೆ ಎಲ್‌ಡಿಎಲ್ ಈ ಸೂತ್ರದಿಂದ ಬಂದದ್ದು ಎಂದು ತಿಳಿಯಬಹುದು. ಕೂಡಿಬರದಿದ್ದರೆ ತಪ್ಪೆಂದಲ್ಲ. ನೇರವಾಗಿ ಅಳೆದಿರಬಹುದು, ಇಲ್ಲವೆ 2013ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಅಥವಾ 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ಸುಧಾರಿತ ಸೂತ್ರಗಳನ್ನು ಬಳಸಿರಬಹುದು.

ಈ ಸೂತ್ರ ಎಡವುವುದು ಟ್ರೈಗ್ಲಿಸರೈಡ್ ಏರಿದಾಗ. ಆಗ ಕಣಗಳಲ್ಲಿ ಟ್ರೈಗ್ಲಿಸರೈಡಿನ ಪಾಲು ಐದಕ್ಕಿಂತ ಹೆಚ್ಚಾಗುತ್ತದೆ. ಆದರೆ ಸೂತ್ರ ಅದೇ ಐದರಿಂದ ಭಾಗಿಸಿ, ಇರಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತದೆ. ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಬಳಸಬಾರದು ಎಂದು ಅದನ್ನು ಕೊಟ್ಟವರೇ ಹೇಳಿದ್ದರು. ಹಾಗಾಗಿ ಕೆಲವು ವರದಿಗಳಲ್ಲಿ ಎಲ್‌ಡಿಎಲ್ ಜಾಗ ಖಾಲಿ ಇರುತ್ತದೆ. ಪ್ರಯೋಗಾಲಯದವರು ಮರೆತದ್ದಲ್ಲ, ಪ್ರಾಮಾಣಿಕವಾಗಿ ಬಿಟ್ಟದ್ದು.

ಒಂದು ತಮಾಷೆಯ ಲೆಕ್ಕ ನೋಡಿ. ಇದೇ ಗಂಡ ಇಡ್ಲಿ ವಡೆ ತಿಂದು ಹೋಗಿ ರಕ್ತ ಕೊಟ್ಟ ಎನ್ನೋಣ. ತಿಂದ ಕೊಬ್ಬು ರಕ್ತ ಸೇರಿ ಟ್ರೈಗ್ಲಿಸರೈಡ್ 340ಕ್ಕೆ ಏರಿತು. ಒಟ್ಟು ಕೊಲೆಸ್ಟರಾಲ್ ಮತ್ತು ಎಚ್‌ಡಿಎಲ್ ಒಂದು ಊಟದಿಂದ ಅಷ್ಟಾಗಿ ಕದಲುವುದಿಲ್ಲ. ಈಗ ಕಳೆಯಬೇಕಾದದ್ದು 58 ಅಲ್ಲ, 68. ಎಲ್‌ಡಿಎಲ್ 94! ವಡೆ ತಿಂದು ಕೆಟ್ಟ ಕೊಲೆಸ್ಟರಾಲ್ ಹತ್ತು ಇಳಿದಂತಾಯಿತು. ರಕ್ತನಾಳಕ್ಕೆ ಇದರಿಂದ ಯಾವ ಲಾಭವೂ ಇಲ್ಲ. ಇಳಿದದ್ದು ಕಾಗದದ ಮೇಲೆ ಮಾತ್ರ.

ಮಗಳು ಮಾಡಿದ ಲೆಕ್ಕ

ಈಗ ಪೆನ್ಸಿಲ್ಲಿನ ಆ ಲೆಕ್ಕಕ್ಕೆ ಬರೋಣ. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಅಷ್ಟೇ. ಉಳಿದದ್ದಕ್ಕೆ ನಾನ್-ಎಚ್‌ಡಿಎಲ್ ಕೊಲೆಸ್ಟರಾಲ್ ಎಂದು ಹೆಸರು. ಗಂಡನಿಗೆ 196ರಲ್ಲಿ 34 ಹೋಗಿ 162. ಹೆಂಡತಿಗೆ 196ರಲ್ಲಿ 60 ಹೋಗಿ 136. ಎಲ್‌ಡಿಎಲ್ ನೋಡಿದರೆ ಮುಂದಿದ್ದ ಗಂಡ ಈಗ ಇಪ್ಪತ್ತಾರು ಅಂಕಿ ಹಿಂದೆ ಬಿದ್ದ.

ಈ ಅಂಕಿಯಲ್ಲಿ ಟ್ರೈಗ್ಲಿಸರೈಡ್ ಪ್ರವೇಶವೇ ಇಲ್ಲ, ಐದರ ಭಾಗಾಕಾರವೂ ಇಲ್ಲ. ಎರಡೂ ನೇರವಾಗಿ ಅಳೆದ ಅಂಕಿಗಳು. ವಡೆ ತಿಂದ ದಿನವೂ ಅದು ಹೆಚ್ಚುಕಡಿಮೆ 162 ಆಗಿಯೇ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಧಮನಿಗೆ ಹಾನಿ ಮಾಡಬಲ್ಲ ಎಲ್ಲ ಕಣಗಳ ಕೊಲೆಸ್ಟರಾಲೂ, ಎಲ್‌ಡಿಎಲ್, ವಿಎಲ್‌ಡಿಎಲ್, ಶೇಷಕಣಗಳು ಎಲ್ಲವೂ, ಇದರಲ್ಲಿ ಸೇರಿರುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರ ಎಲ್‌ಡಿಎಲ್ ಕಣಗಳು ಚಿಕ್ಕವಾಗಿ, ಒಂದೊಂದರಲ್ಲೂ ಕೊಲೆಸ್ಟರಾಲ್ ಕಡಿಮೆ ಇರುತ್ತದೆ. ಸರಕು ತೂಗಿದರೆ ಕಡಿಮೆ, ಗಾಡಿ ಎಣಿಸಿದರೆ ಹೆಚ್ಚು. ಗೋಡೆಗೆ ನುಗ್ಗುವುದು ಗಾಡಿಗಳು. ಗಾಡಿಗಳನ್ನೇ ಎಣಿಸಬೇಕೆಂದರೆ ಅಪೊಬಿ ಪರೀಕ್ಷೆ ಇದೆ. ಅದಕ್ಕೆ ಬೇರೆ ಹಣ ತೆರಬೇಕು. ನಾನ್-ಎಚ್‌ಡಿಎಲ್‌ಗೆ ಹೆಚ್ಚಿನ ಕಾಸು ಬೇಡ, ವರದಿಯಲ್ಲೇ ಇದೆ.

ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಎಂಬ ಜೋಡಿ ಬಹಳ ಸಾಮಾನ್ಯ. ಎಲ್‌ಡಿಎಲ್ ಒಂದನ್ನೇ ನಂಬಿದರೆ ಮೋಸಹೋಗುವುದು ಇಂಥವರ ವಿಷಯದಲ್ಲಿಯೇ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸಾಮಾನ್ಯರಿಗೆ ಎಲ್‌ಡಿಎಲ್ 100ರ ಒಳಗೆ, ನಾನ್-ಎಚ್‌ಡಿಎಲ್ 130ರ ಒಳಗೆ ಇರಲಿ ಎಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಅಪಾಯ ಇರುವವರಿಗೆ ಗೆರೆ ಇನ್ನೂ ಕೆಳಗೆ, 70 ಮತ್ತು 100. ಎರಡು ಗೆರೆಗಳ ನಡುವಿನ ಅಂತರ ಎರಡು ಕಡೆಯೂ 30 ಇರುವುದನ್ನು ಗಮನಿಸಿ. ಟ್ರೈಗ್ಲಿಸರೈಡಿನ ವಾಡಿಕೆಯ ಮಿತಿ 150. ಅದರ ಐದನೇ ಒಂದು ಭಾಗ 30. ಎರಡು ಅಂಕಿಗಳ ಅಂತರ 30 ಮೀರಿತೆಂದರೆ ತೊಂದರೆ ಟ್ರೈಗ್ಲಿಸರೈಡಿನ ಕಡೆಯಿಂದ ಬರುತ್ತಿದೆ ಎಂದರ್ಥ. ಗಂಡನಿಗೆ ಅಂತರ 58, ಹೆಂಡತಿಗೆ 16. ಹೆಂಡತಿಯ 136 ಸಹ ಗೆರೆ ದಾಟಿದ್ದೇ, ಆದರೆ ಸ್ವಲ್ಪ. ಅವಳದು ಎಲ್‌ಡಿಎಲ್ ಕಡೆಯ ವಿಷಯ.

ಹಾಗಾದರೆ ಗಂಡ ನಾಳೆಯೇ ಮಾತ್ರೆ ನುಂಗಬೇಕೇ? ಒಂದು ಕಾಗದ ನೋಡಿ ಯಾವ ವೈದ್ಯರೂ ಹಾಗೆ ಹೇಳಲಾರರು. ಟ್ರೈಗ್ಲಿಸರೈಡ್ ಬಲು ಚಂಚಲ. ಹಿಂದಿನ ರಾತ್ರಿಯ ಮದುವೆ ಊಟ, ಮದ್ಯ, ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಔಷಧಿ, ಮಂದವಾದ ಥೈರಾಯ್ಡ್ ಇವೆಲ್ಲ ಅದನ್ನು ಏರಿಸುತ್ತವೆ. ಜ್ವರದಲ್ಲಿದ್ದಾಗ ಅಥವಾ ಹೃದಯಾಘಾತದ ಬೆನ್ನಲ್ಲೇ ಮಾಡಿದ ಪರೀಕ್ಷೆಯಲ್ಲಿ ಎಲ್‌ಡಿಎಲ್ ತಾತ್ಕಾಲಿಕವಾಗಿ ಇಳಿದಿರುತ್ತದೆ. ವೈದ್ಯರು ಮೊದಲು ಸಕ್ಕರೆ, ಥೈರಾಯ್ಡ್ ನೋಡುತ್ತಾರೆ. ಬಾಟಲಿಯ ತಂಪು ಪಾನೀಯ, ಸಕ್ಕರೆ ಸುರಿದ ಹಣ್ಣಿನ ರಸ, ತಟ್ಟೆಯಲ್ಲಿ ಗುಡ್ಡೆಯಾಗುವ ಅನ್ನ ಇವುಗಳ ಬಗ್ಗೆ ಕೇಳುತ್ತಾರೆ. ಎಣ್ಣೆ ಬಿಟ್ಟರೂ ಟ್ರೈಗ್ಲಿಸರೈಡ್ ಇಳಿಯಲಿಲ್ಲ ಎಂದು ಗೊಣಗುವವರು ಹಲವರು. ಯಕೃತ್ತು ಹೆಚ್ಚುವರಿ ಸಕ್ಕರೆ ಪಿಷ್ಟಗಳಿಂದಲೂ ಅದನ್ನು ತಯಾರಿಸಬಲ್ಲದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ನಾನ್-ಎಚ್‌ಡಿಎಲ್ ಆಗಲೂ ಇಳಿಯದಿದ್ದರೆ ವಯಸ್ಸು, ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಕೂಡಿಸಿ ಔಷಧಿಯ ಯೋಚನೆ. ಆದರೆ ಟ್ರೈಗ್ಲಿಸರೈಡ್ 500 ದಾಟಿ ಸಾವಿರದತ್ತ ಹೊರಟಿದ್ದರೆ ಕಾಯುವಂತಿಲ್ಲ. ಆಗ ಬೇರ್ಪಡಿಸಿದ ರಕ್ತದ್ರವ ಪ್ರನಾಳದಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವುದುಂಟು. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಗಂಡಾಂತರವಿದೆ.

ಮಕ್ಕಳಿಗೂ ಬೇಕೇ?

ಮಕ್ಕಳನ್ನು ಹನ್ನೆರಡು ಗಂಟೆ ಉಪವಾಸ ಕೆಡವುವುದು ಕಷ್ಟ. ನಾನ್-ಎಚ್‌ಡಿಎಲ್‌ಗೆ ಉಪವಾಸ ಬೇಡವಾದ್ದರಿಂದ, 2011ರಲ್ಲಿ ಅಮೆರಿಕದ ತಜ್ಞರ ಸಮಿತಿ 9ರಿಂದ 11 ವರ್ಷದ ಎಲ್ಲ ಮಕ್ಕಳಿಗೂ ಒಮ್ಮೆ ಈ ಪರೀಕ್ಷೆ ಮಾಡಿ ಎಂದಿತು. 120ರ ಒಳಗಿದ್ದರೆ ಸರಿ. 145 ಅಥವಾ ಹೆಚ್ಚಿದ್ದರೆ ಖಾಲಿ ಹೊಟ್ಟೆಯಲ್ಲಿ ಪೂರ್ಣ ಪರೀಕ್ಷೆ. ನಮ್ಮ 2024ರ ಮಾರ್ಗಸೂಚಿ ಮೊದಲ ಪರೀಕ್ಷೆಯನ್ನು 18ನೇ ವಯಸ್ಸಿಗೆ ಇಟ್ಟಿದೆ. ಆದರೆ ಮನೆತನದಲ್ಲಿ ಎಳೆಯ ವಯಸ್ಸಿಗೇ ಹೃದಯಾಘಾತವಾಗಿದ್ದರೆ ಅಷ್ಟು ಕಾಯಬಾರದು ಎನ್ನುತ್ತದೆ. ತಂದೆಯೋ ಅಣ್ಣನೋ 55ಕ್ಕೆ ಮೊದಲು, ತಾಯಿಯೋ ಅಕ್ಕನೋ 65ಕ್ಕೆ ಮೊದಲು ಹೃದಯಾಘಾತ ಕಂಡಿದ್ದರೆ ಅದು ಎಳೆಯ ವಯಸ್ಸೇ.

ಏಕೆಂದರೆ ಕೆಲವು ಮನೆಗಳಲ್ಲಿ ಎಲ್‌ಡಿಎಲ್ ಕಣವನ್ನು ರಕ್ತದಿಂದ ಹೀರಿಕೊಳ್ಳುವ ಗ್ರಾಹಕದ ಜೀನ್‌ನಲ್ಲೇ ದೋಷ ಹರಿದುಬರುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಇಂಥ ಹುಡುಗ ತೆಳ್ಳಗಿರಬಹುದು, ಶಾಲೆಯ ಓಟದಲ್ಲಿ ಮೊದಲಿಗನಿರಬಹುದು, ಟ್ರೈಗ್ಲಿಸರೈಡ್ ಸಹ ಸಾಮಾನ್ಯವಾಗಿರಬಹುದು. ಎಲ್‌ಡಿಎಲ್, ನಾನ್-ಎಚ್‌ಡಿಎಲ್ ಎರಡೂ ಹುಟ್ಟಿನಿಂದಲೇ ಮೇಲಿರುತ್ತವೆ. ಪಥ್ಯ ಒಂದರಿಂದ ಅದು ಸಾಕಷ್ಟು ಇಳಿಯದು. ಮಕ್ಕಳ ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧಿ ಬೇಕಾಗುತ್ತದೆ. ಒಬ್ಬನಿಗೆ ಹೀಗಿದೆಯೆಂದು ಗೊತ್ತಾದ ದಿನವೇ ಒಡಹುಟ್ಟಿದವರನ್ನೂ ತಂದೆತಾಯಿಯನ್ನೂ ಪರೀಕ್ಷಿಸುವುದು ಪದ್ಧತಿ. ಇಬ್ಬರು ಪೋಷಕರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.